ನೀರು ಎಲ್ಲಿ ಮೇಲೆ ಬರುತ್ತದೆ ನೋಡಿ: ಕಟ್ಟಿದ ಪೈಪಿಗೆ ಸ್ಪ್ರಿಂಗೋ, ಕಾಸ್ಟಿಕ್ ಪುಡಿಯೋ?

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಮೂವತ್ತು-ನಲವತ್ತರ ಸೈಟಿನ ಮನೆ. ಮೇಲೆ ಮನೆ ಯಜಮಾನರು, ಕೆಳಗೆ ಬಾಡಿಗೆಯವರು. ಕೆಳಗಿನ ಮನೆಯ ಬಚ್ಚಲಲ್ಲಿ ನೀರು ಹೋಗುತ್ತಿಲ್ಲ ಅಂತ ಕರೆ ಬಂದಿತ್ತು. ನಾವು ಹೋದಾಗ ನೆಲದ ಮೇಲೆ ಎರಡು ಬೆರಳಿನಷ್ಟು ಕಪ್ಪು ನೀರು ನಿಂತಿತ್ತು. ನನ್ನ ಜೊತೆಗಿದ್ದ ಹುಡುಗ ಒಳಗೆ ಕಾಲಿಟ್ಟವನೇ ರಬ್ಬರ್ ಪ್ಲಂಜರ್ ತೆಗೆದು, ಬಚ್ಚಲ ನೆಲದಲ್ಲಿ ನೀರು ಹೋಗುವ ನಹಾನಿ ಟ್ರ್ಯಾಪಿನ ಮೇಲೆ ಒತ್ತಿದ. ಎರಡನೇ ಸಲ ಒತ್ತಿದಾಗ ನೀರು ಅವನ ಮೊಣಕೈವರೆಗೆ ಚಿಮ್ಮಿತು. ಸ್ವಲ್ಪ ಹೊತ್ತಿಗೆ "ಅಣ್ಣಾ, ಕೈ ಉರೀತಿದೆ" ಅಂದ. ಮುಟ್ಟಿ ನೋಡಿದರೆ ಚರ್ಮ ಸೋಪು ಹಚ್ಚಿದ ಹಾಗೆ ಜಾರುತ್ತಿತ್ತು.

"ಅಕ್ಕಾ, ಇದರೊಳಗೆ ಏನಾದ್ರೂ ಹಾಕಿದ್ರಾ?"

"ನಿನ್ನೆ ಎರಡು ಪ್ಯಾಕೆಟ್ ಪುಡಿ, ಇವತ್ತು ಬೆಳಿಗ್ಗೆ ಒಂದು ಹಾಕಿದೆ ಅಣ್ಣಾ. ಏನೂ ಆಗ್ಲಿಲ್ಲ."

ಹುಡುಗನ ಕೈಯನ್ನು ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ಹಿಡಿಸಿದೆವು. ಕೆಂಪಗಾಗಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ಕಣ್ಣಿಗೆ ಹಾರಿದ್ದರೆ ಅಲ್ಲಿಂದ ನೇರ ಆಸ್ಪತ್ರೆಗೆ ಓಡಬೇಕಿತ್ತು. ಅಂದಿನಿಂದ ನಾನು ಯಾವ ಮನೆಗೆ ಹೋದರೂ ಮೊದಲು ಕೇಳುವುದು ಇದನ್ನೇ: ಒಳಗೆ ಏನು ಸುರಿದಿದ್ದೀರಿ? ಎರಡನೆಯದು: ನೀರು ಯಾವಾಗ ಮೇಲೆ ಬರುತ್ತದೆ? ಆ ಮನೆಯ ಗಂಟು ಬಿಚ್ಚಿದ್ದು ಎರಡನೇ ಪ್ರಶ್ನೆ. ಅದನ್ನು ಮುಂದೆ ಹೇಳುತ್ತೇನೆ.

ಒಂದೇ ಕಡೆಯೋ, ಹಲವು ಕಡೆಯೋ

ಪುಡಿ ತರುವ ಮೊದಲು, ಸ್ಪ್ರಿಂಗ್ ತರುವ ಮೊದಲು, ಮನೆಯನ್ನು ಒಂದು ಸುತ್ತು ಹಾಕಿ. ಕಟ್ಟಿರುವ ಸಿಂಕಿನಲ್ಲಿ ನೀರು ನಿಂತಿರಲಿ, ಅದನ್ನು ಬಿಟ್ಟು ಉಳಿದ ಕಡೆಗಳಲ್ಲಿ ಒಂದೊಂದು ಬಕೆಟ್ ನೀರು ಸುರಿದು ನೋಡಿ. ಅಡುಗೆಮನೆಯ ಸಿಂಕ್ ಮಾತ್ರ ನಿಧಾನವಾಗಿದ್ದು, ಬಚ್ಚಲು, ವಾಷ್ ಬೇಸಿನ್, ಕಮೋಡ್ ಎಲ್ಲ ಸರಿಯಾಗಿ ಹೋಗುತ್ತಿದ್ದರೆ ತೊಂದರೆ ಆ ಸಿಂಕಿನ ಬಾಟಲ್ ಟ್ರ್ಯಾಪಿನಲ್ಲಿ ಅಥವಾ ಅಲ್ಲಿಂದ, ಮನೆಯ ನೀರು ಹೊರಗೆ ಬಂದು ಬೀಳುವ ಗಲ್ಲಿ ಟ್ರ್ಯಾಪಿನವರೆಗಿನ ಸಣ್ಣ ಪೈಪಿನಲ್ಲಿದೆ. ಇದನ್ನು ನೀವೇ ಬಿಡಿಸಿಕೊಳ್ಳಬಹುದು.

ಒಂದು ಕಡೆ ಸುರಿದ ನೀರು ಇನ್ನೊಂದು ಕಡೆ ಮೇಲೆ ಬಂದರೆ ಕಥೆಯೇ ಬೇರೆ. ವಾಷಿಂಗ್ ಮೆಷಿನ್ ನೀರು ಬಿಟ್ಟಾಗ ಬಚ್ಚಲಿನ ನಹಾನಿಯಲ್ಲಿ ನೊರೆ ಉಕ್ಕುವುದು, ಕಮೋಡ್ ಫ್ಲಷ್ ಮಾಡಿದಾಗ ಬಚ್ಚಲಲ್ಲಿ ಗುಳುಗುಳು ಸದ್ದು ಬರುವುದು, ಬಚ್ಚಲಿಗೆ ನೀರು ಹಾಕಿದಾಗ ಕಮೋಡಿನ ನೀರಿನ ಮಟ್ಟ ಏರಿ ಇಳಿಯುವುದು: ಇವೆಲ್ಲ ಕಟ್ಟಿರುವುದು ಎಲ್ಲರ ನೀರೂ ಸೇರುವ ದೊಡ್ಡ ಪೈಪು ಎನ್ನುವ ಸೂಚನೆ. ಆ ಸದ್ದು ಬರುವುದಕ್ಕೆ ಕಾರಣವಿದೆ. ಮುಂದೆ ಹೋಗಲು ದಾರಿ ಇಲ್ಲದ ನೀರು ಪೈಪಿನೊಳಗಿನ ಗಾಳಿಯನ್ನು ತಳ್ಳುತ್ತದೆ, ಗಾಳಿ ಹತ್ತಿರದ ಟ್ರ್ಯಾಪಿನ ನೀರನ್ನು ಸೀಳಿಕೊಂಡು ಹೊರಬರುತ್ತದೆ. ಹಾಗೆ ಟ್ರ್ಯಾಪಿನ ನೀರು ಕಡಿಮೆಯಾದರೆ ಕೊಳಚೆಯ ವಾಸನೆಯೂ ಜಿರಳೆಯೂ ಮನೆಯೊಳಗೆ ಬರುತ್ತವೆ.

ನೀರು ತನಗೆ ಸಿಗುವ ಅತಿ ತಗ್ಗಿನ ಬಾಯಿಯಿಂದ ಹೊರಬರುತ್ತದೆ. ನಮ್ಮ ಮನೆಗಳಲ್ಲಿ ಅದು ಬಹುತೇಕ ಕೆಳಗಿನ ಮನೆಯ ಬಚ್ಚಲಿನ ನಹಾನಿ ಅಥವಾ ಹೊರಗಿನ ಗಲ್ಲಿ ಟ್ರ್ಯಾಪ್. ಆದ್ದರಿಂದಲೇ ತಪ್ಪು ಎಲ್ಲೋ ಇದ್ದರೂ ಬೈಗುಳ ಕೆಳಗಿನ ಮನೆಯವರಿಗೆ. "ನೀವು ಕೂದಲು ಹಾಕ್ತೀರಿ" ಎಂದು ಮೇಲಿನವರು, "ನಾವೇನೂ ಹಾಕಿಲ್ಲ" ಎಂದು ಕೆಳಗಿನವರು. ಇಬ್ಬರೂ ನೀರು ಬರುವ ಜಾಗವನ್ನು ನೋಡುತ್ತಿದ್ದಾರೆಯೇ ಹೊರತು ನೀರು ನಿಂತಿರುವ ಜಾಗವನ್ನಲ್ಲ.

ಸಿಂಕ್ ಒಂದೇ ಕಟ್ಟಿದ್ದರೆ

ಮೊದಲು ಸಿಂಕಿನ ಕೆಳಗೆ ಬಕೆಟ್ ಇಟ್ಟು ಬಾಟಲ್ ಟ್ರ್ಯಾಪಿನ ತಳದ ಬಟ್ಟಲನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ. ಅನ್ನದ ಅಗುಳು, ಟೀ ಸೊಪ್ಪು, ಸಾಂಬಾರಿನ ಕರಿಬೇವು, ಎಣ್ಣೆ ಜಿಡ್ಡು ಸೇರಿ ಮುದ್ದೆಯಾಗಿರುವುದು ಅಲ್ಲೇ ಹೆಚ್ಚು. ತೊಳೆದು, ವಾಷರ್ ಸರಿಯಾಗಿ ಕೂರಿಸಿ ಹಾಕಿದರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ. ಟ್ರ್ಯಾಪ್ ಸ್ವಚ್ಛವಾಗಿದ್ದೂ ನೀರು ನಿಲ್ಲುತ್ತಿದ್ದರೆ ಸ್ಪ್ರಿಂಗಿನ ಸರದಿ.

ಸ್ಪ್ರಿಂಗ್ ಎಂದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಒಂದು ತುದಿಯಲ್ಲಿ ಹಿಡಿ, ಇನ್ನೊಂದು ತುದಿಯಲ್ಲಿ ಅಗಲವಾದ ಸುರುಳಿ ಇರುವ ಬಾಗುವ ತಂತಿ. ಸ್ನೇಕ್ ಎಂದೂ ಕರೆಯುತ್ತಾರೆ. ಸಿಂಕಿಗೂ ವಾಷ್ ಬೇಸಿನ್ನಿಗೂ ಐದು ಮೀಟರಿನದು ಸಾಕು. ಅದನ್ನು ಸಿಂಕಿನ ಜಾಲರಿಯ ಮೂಲಕ ತೂರಿಸಲು ಹೋಗಬೇಡಿ, ಬಾಟಲ್ ಟ್ರ್ಯಾಪಿನ ಒಳಗೆ ಅದು ತಿರುಗುವುದಿಲ್ಲ. ಟ್ರ್ಯಾಪನ್ನು ಪೂರ್ತಿ ಕಳಚಿ, ಗೋಡೆಯಲ್ಲಿ ಕಾಣುವ ಪೈಪಿನ ಬಾಯಿಗೇ ನೇರವಾಗಿ ಬಿಡಿ.

ಕೈಗೆ ದಪ್ಪ ರಬ್ಬರ್ ಗ್ಲೌಸ್ ಇರಲಿ. ತಂತಿ ಒಳಗೆ ಹೋಗುವವರೆಗೆ ಕೈಯಲ್ಲಿ ತಳ್ಳಿ, ನಿಂತಲ್ಲಿ ಹಿಡಿಯ ಸ್ಕ್ರೂ ಬಿಗಿದು ಬಲಕ್ಕೆ ತಿರುಗಿಸುತ್ತಾ ಮುಂದಕ್ಕೆ ಒತ್ತಿ. ಹಿಡಿಗೂ ಪೈಪಿನ ಬಾಯಿಗೂ ನಡುವೆ ಒಂದು ಗೇಣಿಗಿಂತ ಹೆಚ್ಚು ತಂತಿ ಬಿಡಬೇಡಿ. ಹೆಚ್ಚು ಬಿಟ್ಟರೆ ತಿರುಗಿಸಿದ ಬಲ ಒಳಗೆ ಹೋಗದೆ ತಂತಿ ಹೊರಗೇ ಗಂಟು ಹಾಕಿಕೊಳ್ಳುತ್ತದೆ. ಎಡಕ್ಕೆ ತಿರುಗಿಸುವ ಅಭ್ಯಾಸ ಬೇಡ. ತುದಿಗೆ ಸಿಕ್ಕಿದ ಕೂದಲು ಬಿಟ್ಟುಹೋಗುತ್ತದೆ, ಸುರುಳಿಯೂ ಬಿಚ್ಚಿಕೊಳ್ಳುತ್ತದೆ.

ತಂತಿ ಒಂದು ಕಡೆ ನಿಲ್ಲುತ್ತದೆ. ಅದು ಪೈಪಿನ ಬೆಂಡೋ, ಕಟ್ಟಿದ ಜಾಗವೋ? ಇದನ್ನು ಕೈ ಹೇಳುತ್ತದೆ. ಬೆಂಡಾದರೆ ಗಟ್ಟಿಯಾಗಿ ಟಕ್ಕೆಂದು ತಾಗುತ್ತದೆ, ಹಗುರವಾಗಿ ಒತ್ತಿ ಎರಡು-ಮೂರು ಸುತ್ತು ತಿರುಗಿಸಿದರೆ ಜಾರಿ ಮುಂದೆ ಹೋಗುತ್ತದೆ. ಕಟ್ಟಿದ ಜಾಗವಾದರೆ ಮೆತ್ತಗಿರುತ್ತದೆ, ತಿರುಗಿಸಿದಷ್ಟೂ ಬಿಗಿ ಏರಿ ಹಿಡಿ ಹಿಂದಕ್ಕೆ ತಿರುಗಲು ನೋಡುತ್ತದೆ. ಆಗ ಜೋರು ಮಾಡಬೇಡಿ. ನಾಲ್ಕು ಸುತ್ತು ತಿರುಗಿಸಿ, ಹಾಗೇ ತಿರುಗಿಸುತ್ತಾ ಹಿಂದಕ್ಕೆ ಎಳೆದು, ತುದಿಗೆ ಏನು ಬಂದಿದೆ ನೋಡಿ.

ತುದಿಗೆ ಬಂದದ್ದನ್ನು ತೊಳೆದು ಬಿಸಾಡುವ ಮೊದಲು ಒಂದು ಕ್ಷಣ ನೋಡುವುದು ಬಹಳ ಮುಖ್ಯ. ಕೂದಲು, ಜಿಡ್ಡು ಬಂದರೆ ಸಾಮಾನ್ಯ ಕಟ್ಟು. ಕೆಂಪು ಮಣ್ಣು ಅಥವಾ ಜಲ್ಲಿಚೂರು ಬಂದರೆ ನೆಲದೊಳಗೆ ಪೈಪು ಒಡೆದಿದೆ. ನಾರಿನಂಥ ಬೇರು ಬಂದರೆ ಜಾಯಿಂಟು ಬಾಯಿ ಬಿಟ್ಟಿದೆ. ತಂತಿ ಎಷ್ಟು ಉದ್ದ ಹೋಗಿತ್ತು ಎಂದು ಪೈಪಿನ ಬಾಯಿಯ ಹತ್ತಿರ ಒಂದು ಟೇಪು ಸುತ್ತಿ ಗುರುತು ಮಾಡಿಕೊಳ್ಳಿ. ಹೊರಗೆ ಎಳೆದ ಮೇಲೆ ಆ ಉದ್ದವನ್ನು ನೆಲದ ಮೇಲೆ ಅಳೆದರೆ ಕಟ್ಟು ಸುಮಾರಾಗಿ ಎಲ್ಲಿದೆ ಎಂದು ಗೊತ್ತಾಗುತ್ತದೆ. ಮುಂದೆ ಅಗೆಯಬೇಕಾಗಿ ಬಂದರೆ ಇಡೀ ಪ್ಯಾಸೇಜಿನ ಟೈಲ್ಸ್ ಒಡೆಯುವುದು ತಪ್ಪುತ್ತದೆ.

ಸ್ಪ್ರಿಂಗಿಗೂ ಮಿತಿ ಇದೆ. ಗೋಡೆ ಸುತ್ತ ಅಂಟಿದ ಜಿಡ್ಡಿನ ನಡುವೆ ಅದು ಬೆರಳು ಗಾತ್ರದ ತೂತು ಮಾಡಿ ಹೊರಬರಬಹುದು. ನೀರು ಹೋಗುತ್ತದೆ, ಸಂತೋಷವಾಗುತ್ತದೆ, ಹದಿನೈದು ದಿನಕ್ಕೆ ಮತ್ತೆ ಕಟ್ಟುತ್ತದೆ. ಆದ್ದರಿಂದ ತಂತಿಯನ್ನು ಮೂರು-ನಾಲ್ಕು ಸಲ ಹಾಕಿ ತೆಗೆದು, ಆಮೇಲೆ ಕೈ ತಡೆಯುವಷ್ಟು ಬಿಸಿಯ ನೀರನ್ನು ಪಾತ್ರೆ ತೊಳೆಯುವ ಸೋಪಿನ ಜೊತೆ ಎರಡು ಬಕೆಟ್ ಒಟ್ಟಿಗೆ ಬಿಡಬೇಕು. ಕುದಿಯುವ ನೀರು ಬೇಡ, ಪಿವಿಸಿ ಪೈಪು ಅದನ್ನು ತಡೆಯುವುದಿಲ್ಲ. ಇನ್ನೊಂದು ಮಾತು: ಈ ಸ್ಪ್ರಿಂಗನ್ನು ಕಮೋಡಿಗೆ ಹಾಕಬೇಡಿ, ಒಳಗಿನ ಪಿಂಗಾಣಿಗೆ ಅಳಿಸಲಾಗದ ಕಪ್ಪು ಗೀರು ಬೀಳುತ್ತದೆ. ಅದಕ್ಕೆ ರಬ್ಬರ್ ಹೊದಿಕೆಯ ಬೇರೆ ಸಾಧನವಿದೆ.

ಪುಡಿ ಏನು ಮಾಡುತ್ತದೆ

ಅಂಗಡಿಯಲ್ಲಿ ಸಿಗುವ ಡ್ರೈನ್ ಪುಡಿಗಳಲ್ಲಿ ಬಹುಪಾಲು ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್. ಕೆಲವದರಲ್ಲಿ ಅಲ್ಯೂಮಿನಿಯಂ ಚೂರೂ ಇರುತ್ತದೆ. ಅದು ಕಾಸ್ಟಿಕ್ ಜೊತೆ ಸೇರಿ ಗುಳ್ಳೆ ಎಬ್ಬಿಸುತ್ತದೆ, ಆ ಗುಳ್ಳೆಯಲ್ಲಿರುವುದು ಬೆಂಕಿ ಹತ್ತುವ ಹೈಡ್ರೋಜನ್. ಕಾಸ್ಟಿಕ್ ಸೋಡಾ ಎಣ್ಣೆ ಜಿಡ್ಡನ್ನು ಸೋಪಾಗಿಸುತ್ತದೆ, ಕೂದಲನ್ನು ನಿಧಾನವಾಗಿ ಕರಗಿಸುತ್ತದೆ. ಇದು ನಿಜವಾದ ಕೆಲಸವೇ. ವಾಷ್ ಬೇಸಿನ್ನಿನ ನೀರು ನಿಧಾನವಾಗಿಯಾದರೂ ಹರಿಯುತ್ತಿದ್ದು, ಒಳಗೆ ಕೂದಲು-ಸೋಪಿನ ಲೋಳೆ ಕಟ್ಟಿದೆ ಎಂದಾದರೆ, ಪ್ಯಾಕೆಟ್ಟಿನ ಮೇಲೆ ಬರೆದ ಅಳತೆಯಲ್ಲಿ ಒಮ್ಮೆ ಹಾಕುವುದಕ್ಕೆ ನನ್ನ ಅಡ್ಡಿಯಿಲ್ಲ.

ಆದರೆ ಪುಡಿ ಕೆಲಸ ಮಾಡಬೇಕಾದರೆ ಅದು ಕಟ್ಟಿದ ಜಾಗಕ್ಕೆ ಹೋಗಿ ಮುಟ್ಟಬೇಕು. ನೀರು ಪೂರ್ತಿ ನಿಂತಿದ್ದರೆ ಅದು ಹೋಗುವುದೇ ಇಲ್ಲ, ಸಿಂಕಿನ ಕೆಳಗಿನ ಟ್ರ್ಯಾಪಿನಲ್ಲೇ ಕೂರುತ್ತದೆ. ಕಾಸ್ಟಿಕ್ ನೀರಿಗೆ ಬಿದ್ದ ಕೂಡಲೇ ಬಿಸಿಯಾಗುತ್ತದೆ. ಟ್ರ್ಯಾಪಿನಲ್ಲಿರುವ ಕಾಲು ಲೀಟರ್ ನೀರಿಗೆ 50 ಗ್ರಾಂ ಬಿದ್ದರೆ ನೀರಿನ ಬಿಸಿ 25 ಡಿಗ್ರಿಯಿಂದ 70 ಡಿಗ್ರಿಯ ಆಸುಪಾಸಿಗೆ ಏರುವಷ್ಟು ಶಾಖ ಹುಟ್ಟುತ್ತದೆ. ಪಿವಿಸಿ 60 ಡಿಗ್ರಿ ದಾಟಿದರೆ ಮೆತ್ತಗಾಗಲು ಶುರು. ಎರಡು ಪ್ಯಾಕೆಟ್ ಸುರಿದವರ ಮನೆಯಲ್ಲಿ ಟ್ರ್ಯಾಪ್ ಸೊಟ್ಟಗಾಗಿ ಜಾಯಿಂಟಿನಿಂದ ಸೋರುವುದನ್ನು ನಾನು ನೋಡಿದ್ದೇನೆ. ತಣ್ಣಗಾದ ಮೇಲೆ ಇನ್ನೊಂದು ತೊಂದರೆ: ಕರಗದೆ ಉಳಿದ ಪುಡಿ ಜಿಡ್ಡಿನ ಜೊತೆ ಸೇರಿ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಆಗ ಸ್ಪ್ರಿಂಗೂ ಹೋಗದು, ಪೈಪು ಕತ್ತರಿಸುವುದೊಂದೇ ದಾರಿ.

ಬೋರ್‌ವೆಲ್ ನೀರಿನ ಮನೆಗಳಿಗೆ ಮತ್ತೂ ಒಂದು ಕಾರಣ ಇದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಜಿಡ್ಡಿನ ಜೊತೆ ಸೇರಿ ಪೈಪಿನ ಒಳಗೋಡೆಗೆ ಬಿಳಿ-ಬೂದು ಬಣ್ಣದ ಪದರವಾಗಿ ಅಂಟುತ್ತದೆ. ಒರಟಾಗಿ, ಸುಣ್ಣದ ಗಾರೆಯ ಹಾಗೆ ಇರುತ್ತದೆ. ಇದು ಆಗಲೇ ಒಂದು ಬಗೆಯ ಸೋಪು. ಅದೂ ನೀರಿನಲ್ಲಿ ಕರಗದ ಸೋಪು. ಜಿಡ್ಡನ್ನು ಸೋಪು ಮಾಡುವುದೇ ಕಾಸ್ಟಿಕ್ಕಿನ ಕೆಲಸವಾದ್ದರಿಂದ ಈ ಪದರದ ಮೇಲೆ ಅದರ ಆಟ ಹೆಚ್ಚು ನಡೆಯುವುದಿಲ್ಲ. ಇದನ್ನು ಕೆರೆದೇ ತೆಗೆಯಬೇಕು. ಪ್ರತಿ ತಿಂಗಳೂ ಪುಡಿ ಹಾಕುತ್ತಿದ್ದರೂ ಸಿಂಕ್ ವರ್ಷದಿಂದ ವರ್ಷಕ್ಕೆ ನಿಧಾನವಾಗುತ್ತಿದೆ ಎನ್ನುವವರ ಪೈಪು ಕತ್ತರಿಸಿದಾಗಲೆಲ್ಲ ಇದೇ ಪದರ ಕಂಡಿದ್ದೇನೆ.

ಪುಡಿ ಕೆಲಸ ಮಾಡಲಿಲ್ಲ ಎಂದು ಅದರ ಮೇಲೆ ಟಾಯ್ಲೆಟ್ ಆಸಿಡ್ ಸುರಿಯುವುದಂತೂ ಬೇಡವೇ ಬೇಡ. ಕಾಸ್ಟಿಕ್ಕಿಗೆ ಆಸಿಡ್ ಬಿದ್ದರೆ ಒಮ್ಮೆಲೇ ಕುದಿದು ಮುಖಕ್ಕೆ ಎರಚುತ್ತದೆ. ಬ್ಲೀಚಿಂಗ್ ಪೌಡರಿಗೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಬರುತ್ತದೆ. ಬಾಗಿಲು ಮುಚ್ಚಿದ ಸಣ್ಣ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ. ಒಮ್ಮೆ ಪುಡಿ ಹಾಕಿ ಫಲ ಸಿಗದಿದ್ದರೆ ನಿಲ್ಲಿಸಿ. ಪ್ಲಂಜರ್ ಒತ್ತಬೇಡಿ, ನಿಂಬೆಹಣ್ಣು-ವಿನೆಗರ್ ಸುರಿದು ಸರಿಮಾಡಲು ಹೋಗಬೇಡಿ. ಕೆಲಸದವರು ಬಂದಾಗ ಏನು, ಎಷ್ಟು, ಯಾವಾಗ ಹಾಕಿದ್ದೀರಿ ಎಂದು ಬಾಯಿಬಿಟ್ಟು ಹೇಳಿ. ಇದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ, ಅದು ಅವರ ಕಣ್ಣಿನ ಪ್ರಶ್ನೆ.

ಆ ಮನೆಯಲ್ಲಿ ಆದದ್ದು

ಹುಡುಗನ ಕೈ ತೊಳೆಸುತ್ತಿದ್ದಾಗ ಆ ಅಕ್ಕನನ್ನು ಕೇಳಿದೆ: "ನೀವು ಸ್ನಾನ ಮಾಡಿದಾಗ ನೀರು ನಿಲ್ಲುತ್ತೋ, ಇಲ್ಲಾ ಸುಮ್ಮನಿದ್ದಾಗಲೂ ಬರುತ್ತೋ?"

"ಬೆಳಿಗ್ಗೆ ನಾವು ಮೂರೂ ಜನ ಸ್ನಾನ ಮಾಡಿದ್ರೂ ನಿಧಾನವಾಗಿ ಹೋಗುತ್ತೆ. ಹನ್ನೊಂದು ಗಂಟೆಗೆ ನಾನೊಬ್ಬಳೇ ಇರ್ತೀನಿ, ಒಂದು ತೊಟ್ಟು ನೀರು ಬಿಟ್ಟಿರಲ್ಲ, ಆಗ ತುಂಬಿಬಿಡುತ್ತೆ. ನೊರೆ ನೊರೆ."

ಹನ್ನೊಂದಕ್ಕೆ ಮೇಲಿನ ಮನೆಯ ವಾಷಿಂಗ್ ಮೆಷಿನ್ ನೀರು ಬಿಡುತ್ತಿತ್ತು. ಅಲ್ಲಿಗೆ ತೀರ್ಮಾನವಾಯಿತು. ಅವರ ಬಚ್ಚಲಿಗೆ ಮೂರಲ್ಲ, ಮೂವತ್ತು ಪ್ಯಾಕೆಟ್ ಹಾಕಿದ್ದರೂ ಪ್ರಯೋಜನವಿರಲಿಲ್ಲ. ಪುಡಿ ಕೂತದ್ದು ಬಚ್ಚಲಲ್ಲಿ, ಕಟ್ಟಿರುವುದು ಹೊರಗೆ.

ಎಲ್ಲರ ನೀರೂ ಸೇರುವ ಮೇನ್ ಲೈನಿನಲ್ಲಿ ಕಟ್ಟು ಎಲ್ಲಿದೆ ಎಂದು ತಿಳಿಯಲು, ಆ ಪೈಪಿನ ದಾರಿಯಲ್ಲಿ ಅಲ್ಲಲ್ಲಿರುವ ಚೇಂಬರ್ ಗುಂಡಿಗಳ ಮುಚ್ಚಳ ತೆರೆದು ನೋಡುವುದಕ್ಕಿಂತ ಒಳ್ಳೆಯ ವಿಧಾನ ಇಲ್ಲ. ಆ ಮನೆಯ ಪಕ್ಕದ ಪ್ಯಾಸೇಜಿನಲ್ಲಿ ಮೂರು ಚೇಂಬರ್ ಇದ್ದವು: ಹಿಂದೆ ಅಡುಗೆಮನೆಯ ಬಳಿ ಒಂದು, ಮೆಟ್ಟಿಲ ಕೆಳಗೆ ಒಂದು, ಗೇಟಿನ ಬಳಿ ಕೊನೆಯದು. ಹಾರೆಯಿಂದ ಮುಚ್ಚಳ ಎತ್ತಿ, ತಕ್ಷಣ ಬಗ್ಗಿ ನೋಡದೆ, ಐದು-ಹತ್ತು ನಿಮಿಷ ಗಾಳಿಯಾಡಲು ಬಿಟ್ಟೆವು. ಬೀಡಿ, ಬೆಂಕಿಕಡ್ಡಿ ಹತ್ತಿರ ಬರಬಾರದು. ಮೊದಲನೆಯದು ತುಂಬಿತ್ತು. ಎರಡನೆಯದೂ ತುಂಬಿತ್ತು. ಮೂರನೆಯದು ಒಣಗಿತ್ತು, ತಳದ ಕಾಲುವೆಯಲ್ಲಿ ಎಳೆಯಷ್ಟು ನೀರು ಮಾತ್ರ. ತುಂಬಿದ ಕೊನೆಯ ಚೇಂಬರಿಗೂ ಒಣಗಿದ ಮೊದಲ ಚೇಂಬರಿಗೂ ನಡುವೆ ಕಟ್ಟು ಇರುತ್ತದೆ. ಇಲ್ಲಿ ಅದು ಎರಡಕ್ಕೂ ಮೂರಕ್ಕೂ ನಡುವಿನ ಆರು ಮೀಟರ್.

ಮೂರೂ ಒಣಗಿದ್ದು ಬಚ್ಚಲಲ್ಲಿ ಮಾತ್ರ ನೀರು ನಿಂತಿದ್ದರೆ ಕಟ್ಟು ಮನೆಯಿಂದ ಚೇಂಬರಿಗೆ ಬರುವ ಪೈಪಿನಲ್ಲಿ. ಮೂರೂ ತುಂಬಿದ್ದರೆ ತೊಂದರೆ ಗೇಟಿನ ಆಚೆ, ರಸ್ತೆಯ ಕಡೆ. ಆಗ ಪಕ್ಕದ ಮನೆಯವರನ್ನು ವಿಚಾರಿಸಿ, ರಸ್ತೆಯ ಮ್ಯಾನ್‌ಹೋಲ್ ಉಕ್ಕುತ್ತಿದೆಯೇ ನೋಡಿ. ಅದು ನಿಮ್ಮ ಸ್ಪ್ರಿಂಗಿನ ಕೆಲಸವಲ್ಲ. ಬೆಂಗಳೂರಿನಲ್ಲಿ ಜಲಮಂಡಳಿಯ 1916ಕ್ಕೆ ದೂರು ಕೊಟ್ಟು ಜೆಟ್ಟಿಂಗ್ ಗಾಡಿ ಕರೆಸಬೇಕು, ಬೇರೆ ಊರುಗಳಲ್ಲಿ ನಗರಸಭೆಗೆ ಅಥವಾ ಪಾಲಿಕೆಗೆ ಹೇಳಬೇಕು. ಒಳಚರಂಡಿ ಇಲ್ಲದ ಬಡಾವಣೆಯಾದರೆ ಇದೇ ಲಕ್ಷಣಗಳು ಗುಂಡಿ ತುಂಬಿದಾಗ ಬರುತ್ತವೆ, ಅಲ್ಲಿ ಸಕ್ಕಿಂಗ್ ಗಾಡಿಯೇ ಬೇಕು. ಎಷ್ಟೇ ಅರ್ಜೆಂಟಿರಲಿ, ಮ್ಯಾನ್‌ಹೋಲಿಗೋ ಗುಂಡಿಗೋ ಯಾರನ್ನೂ ಇಳಿಸಬೇಡಿ. ಒಳಗಿನ ಅನಿಲ ಮೂಗಿಗೆ ವಾಸನೆ ತಿಳಿಯದಂತೆ ಮಾಡಿ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಹಾಗೆ ಜನರನ್ನು ಇಳಿಸುವುದರ ವಿರುದ್ಧ 2013ರಲ್ಲೇ ಕಾನೂನು ಬಂದಿದೆ.

ಮೂರನೇ ಚೇಂಬರಿನ ಕಡೆಯಿಂದ, ಅಂದರೆ ಒಣಗಿದ ಕಡೆಯಿಂದ, ಹತ್ತು ಮೀಟರಿನ ದಪ್ಪ ಸ್ಪ್ರಿಂಗ್ ಬಿಟ್ಟೆವು. ತುಂಬಿದ ಕಡೆಯಿಂದ ಬಿಟ್ಟರೆ ಕೊಳಚೆಯೊಳಗೆ ಪೈಪಿನ ಬಾಯಿಯೇ ಕಾಣುವುದಿಲ್ಲ. ಒಣಗಿದ ಕಡೆಯಿಂದ ಮಾಡುವಾಗ ಒಂದು ಎಚ್ಚರ ಬೇಕು: ಕಟ್ಟು ಬಿಟ್ಟಾಗ ಎರಡು ಚೇಂಬರಿನ ನೀರು ಒಟ್ಟಿಗೆ ನುಗ್ಗುತ್ತದೆ, ಪೈಪಿನ ಎದುರಿಗೆ ಮುಖ ಇರಬಾರದು. ನಮ್ಮ ವಿಷಯದಲ್ಲಿ ಆ ನೀರಿನಲ್ಲಿ ಕಾಸ್ಟಿಕ್ಕೂ ಇತ್ತು, ಕನ್ನಡಕ ಹಾಕಿಕೊಂಡೇ ಮಾಡಿದೆವು.

ಎರಡೂವರೆ ಮೀಟರಿಗೆ ತಂತಿ ನಿಂತಿತು. ಮೆತ್ತಗೆ. ತಿರುಗಿಸಿ ಎಳೆದಾಗ ತುದಿಯಲ್ಲಿ ಕುದುರೆ ಬಾಲದಂಥ ಬೇರಿನ ಗೊಂಚಲು, ಅದಕ್ಕೆ ಸಿಕ್ಕಿಕೊಂಡ ಒರೆಸುವ ಬಟ್ಟೆಯ ತುಂಡುಗಳು. ನಾಲ್ಕನೇ ಸಲಕ್ಕೆ ನೀರು ಭೋರೆಂದು ಬಂತು. ಯಜಮಾನರು ಮೇಲಿಂದ ನೋಡಿ "ಆಯ್ತಲ್ಲ, ಮುಚ್ಚಿಬಿಡಿ" ಎಂದರು.

"ಸಾರ್, ಬೇರು ಬಂದಿದೆ ಅಂದ್ರೆ ಪೈಪಿನ ಜಾಯಿಂಟು ಬಿಟ್ಟಿದೆ. ನಾವು ಕಿತ್ತಿದ್ದು ಬೇರಿನ ತುದಿಯಷ್ಟೆ, ಬುಡ ಅಲ್ಲೇ ಇದೆ. ಮಳೆಗಾಲ ಕಳೆಯೋದ್ರೊಳಗೆ ಮತ್ತೆ ಬರುತ್ತೆ."

ಅವರು ನಂಬಲಿಲ್ಲ, ಮುಚ್ಚಿದೆವು. ಮೂರು ತಿಂಗಳಿಗೆ ಅದೇ ಬಚ್ಚಲು, ಅದೇ ಹನ್ನೊಂದು ಗಂಟೆ. ಸ್ಪ್ರಿಂಗ್ ಮತ್ತೆ ಅದೇ ಎರಡೂವರೆ ಮೀಟರಿಗೆ ನಿಂತಿತು. ಒಂದೇ ಅಳತೆಯಲ್ಲಿ ಎರಡು ಸಲ ಕಟ್ಟಿದರೆ ಅದನ್ನು ಕಸದ ತೊಂದರೆ ಎಂದು ತಿಳಿಯಬಾರದು, ಆ ಜಾಗದಲ್ಲಿ ಪೈಪೇ ಕೆಟ್ಟಿದೆ. ಮೂರನೇ ಚೇಂಬರಿನ ಗೋಡೆಯಿಂದ ಎರಡೂವರೆ ಮೀಟರ್ ಅಳೆದು ಗೆರೆ ಹಾಕಿ, ಅಲ್ಲಿ ಮಾತ್ರ ಅಗೆದೆವು. ಹಳೆಯ ಸ್ಟೋನ್‌ವೇರ್ ಪೈಪು. ಜಾಯಿಂಟಿನ ಸಿಮೆಂಟ್ ಉದುರಿ ಒಂದು ತುಂಡು ಬೆರಳಿನಷ್ಟು ಕುಸಿದಿತ್ತು. ಕಾಂಪೌಂಡಿನ ಪಕ್ಕದ ನುಗ್ಗೆಮರದ ಬೇರು ಆ ಸಂದಿಯಲ್ಲಿ ಒಳಗೆ ಇಳಿದಿತ್ತು.

ಎರಡು ಮೀಟರ್ ಕಿತ್ತು ಆರು ಇಂಚಿನ ಪಿವಿಸಿ ಪೈಪು ಹಾಕಿದೆವು. ಇಳಿಜಾರು ಅರವತ್ತಕ್ಕೆ ಒಂದು, ಅಂದರೆ ಎರಡು ಮೀಟರಿಗೆ ಮೂರು ಸೆಂಟಿಮೀಟರಿಗಿಂತ ಚೂರು ಹೆಚ್ಚು. ನಾಲ್ಕು ಇಂಚಿನ ಪೈಪಾಗಿದ್ದರೆ ನಲವತ್ತಕ್ಕೆ ಒಂದು ಬೇಕಿತ್ತು. ಕೆಳಗೆ ಮರಳು ಹಾಸಿ, ಮುಚ್ಚುವ ಮೊದಲು ಮೇಲಿನ ಮನೆಯವರಿಗೆ ವಾಷಿಂಗ್ ಮೆಷಿನ್ ಓಡಿಸಲು ಹೇಳಿ ಮೂರು ಚೇಂಬರಿನ ಮುಚ್ಚಳವನ್ನೂ ತೆರೆದಿಟ್ಟುಕೊಂಡು ಕಾದೆವು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ನೊರೆ ಮೊದಲನೆಯದರಲ್ಲಿ ಕಂಡಿತು, ಎರಡನೆಯದರಲ್ಲಿ ನಿಲ್ಲದೆ ಹರಿದು ಗೇಟಿನ ಚೇಂಬರಿಗೆ ಬಂತು. ಒಳಗಿಂದ ಆ ಅಕ್ಕ ಕೂಗಿ ಹೇಳಿದರು: "ನಹಾನಿ ಹಾಗೇ ಇದೆ ಅಣ್ಣಾ, ಸದ್ದೂ ಇಲ್ಲ."